ಕಥೆ ಹೇಳದೇ ಇದ್ರೂ ಸ್ಪಾಯ್ಲರ್ ಸೋರೋದು ಎಲ್ಲಿಂದ?

ಇವತ್ತಿನ ಎಪಿಸೋಡ್‌ನಲ್ಲಿ ಹೊಸ ಸಿನಿಮಾ ವಿಮರ್ಶೆ ಇಲ್ಲ. ಥಿಯೇಟರಿಂದ ಬಂದ ಮೇಲೆ ನಾನು ವಿಮರ್ಶೆ ಹೇಗೆ ಬರೀತೀನಿ, ಎಲ್ಲೆಲ್ಲಿ ಎಡವಿದ್ದೀನಿ ಅನ್ನೋದಿದೆ. ತುಂಬಾ ಜನ ಕೇಳಿದ್ರಿ, "ಕಥೆನೇ ಹೇಳಲ್ಲ, ಆದ್ರೂ ಎಂಟು ನಿಮಿಷ ಏನು ಮಾತಾಡ್ತೀರ?" ಅಂತ. ಅದಕ್ಕೆ ಉತ್ತರ ಕೊಡೋಕೆ ಮುಂಚೆ ನನ್ನದೊಂದು ತಪ್ಪು ಒಪ್ಕೋಬೇಕು.

ಎರಡು ವರ್ಷದ ಹಿಂದೆ ಒಂದು ಥ್ರಿಲ್ಲರ್ ಬಗ್ಗೆ ಎಪಿಸೋಡ್ ಮಾಡಿದ್ದೆ. ಹೆಸರು ಬೇಡ, ಹೇಳಿದ್ರೆ ಅದೇ ತಪ್ಪು ಎರಡನೇ ಸಲ ಮಾಡಿದ ಹಾಗಾಗುತ್ತೆ. ಕಥೆಯ ಒಂದು ಎಳೆಯನ್ನೂ ಬಿಟ್ಟುಕೊಟ್ಟಿಲ್ಲ ಅಂತ ಖುಷಿಯಲ್ಲಿದ್ದೆ. ಹಾಸನದಲ್ಲಿರೋ ನನ್ನ ಚಿಕ್ಕಮ್ಮನ ಮಗಳು ಬಸ್ಸಲ್ಲಿ ಅದನ್ನ ಕೇಳಿಕೊಂಡೇ ಸಿನಿಮಾಕ್ಕೆ ಹೋದಳು. ಇಂಟರ್ವಲ್‌ನಲ್ಲಿ ಮೆಸೇಜ್ ಬಂತು: "ಅಣ್ಣಾ, ಕೊಲೆ ಮಾಡಿದ್ದು ಯಾರು ಅಂತ ನೀನೇ ಹೇಳಿಬಿಟ್ಟಿದ್ದೀಯಲ್ಲೋ." ನಾನೆಲ್ಲಿ ಹೇಳಿದೆ ಅಂತ ಗಾಬರಿಯಾಗಿ ನನ್ನ ಆಡಿಯೋನ ನಾನೇ ಕೇಳಿದೆ. ಕಥೆಯ ಭಾಗದಲ್ಲಿ ಏನೂ ಇರಲಿಲ್ಲ. ನಟನೆಯ ಭಾಗದಲ್ಲಿ ಒಂದು ವಾಕ್ಯ ಇತ್ತು: "ಇಷ್ಟು ವರ್ಷ ಪಾಪದವನ ಪಾತ್ರದಲ್ಲೇ ನೋಡಿದ ಈ ನಟನನ್ನ ಇಲ್ಲಿ ನೋಡಿದ್ರೆ ಬೆಚ್ಚಿಬೀಳ್ತೀರ."

ಆ ನಟ ಮೊದಲ ದೃಶ್ಯದಲ್ಲಿ ಕೈಮುಗಿದುಕೊಂಡು ನಿಂತಿದ್ದಾಗಲೇ ಅವಳಿಗೆ ಗೊತ್ತಾಗಿಹೋಗಿತ್ತು. ನೂರೈವತ್ತು ರೂಪಾಯಿ ಟಿಕೆಟ್, ಬಸ್ ಚಾರ್ಜು ಹೋಗ್ಲಿ. ಆ ಎರಡು ಗಂಟೆ ಅವಳಿಗೆ ವಾಪಸ್ ಸಿಗಲ್ಲ. ಒಂದು ಸಸ್ಪೆನ್ಸ್ ಸಿನಿಮಾನ ಮೊದಲನೇ ಸಲ ನೋಡೋದು ಒಂದೇ ಸಲ.

ಅವತ್ತಿಂದ ನನಗೆ ಗೊತ್ತಾಗಿದ್ದು ಇದು: ಕಥೆಯ ಪ್ಯಾರಾ ಬರೆಯುವಾಗ ನಾವೆಲ್ಲ ಎಚ್ಚರವಾಗಿರ್ತೀವಿ. ಸೋರೋದು ಅಲ್ಲಿಂದಲ್ಲ. ನಟನೆ ಹೊಗಳುವಾಗ, ಮ್ಯೂಸಿಕ್ ಹೊಗಳುವಾಗ, "ಥಿಯೇಟರ್ ಹೇಗಿತ್ತು ಗೊತ್ತಾ" ಅಂತ ಉತ್ಸಾಹದಲ್ಲಿ ಹೇಳುವಾಗ ಸೋರುತ್ತೆ. ಇದನ್ನ 'ಸು ಫ್ರಮ್ ಸೋ' ಸಿನಿಮಾ ಇಟ್ಕೊಂಡು ತೋರಿಸ್ತೀನಿ. ಇನ್ನೂ ನೋಡಿಲ್ಲದವರು ಧೈರ್ಯವಾಗಿ ಕೇಳಬಹುದು. ಬೇಕಾದಲ್ಲಿ ಬೀಪ್ ಹಾಕಿದ್ದೀನಿ.

2025ರ ಜುಲೈ 25ಕ್ಕೆ ಬಂದ ಸಿನಿಮಾ. ಬರೆದು ನಿರ್ದೇಶಿಸಿದ್ದು ಜೆ.ಪಿ. ತುಮಿನಾಡು, ಮುಖ್ಯ ಪಾತ್ರವೂ ಅವರದ್ದೇ. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಇದ್ದಾರೆ, ಅವರೂ ಒಂದು ಪಾತ್ರ ಮಾಡಿದ್ದಾರೆ. ದೊಡ್ಡ ಸ್ಟಾರ್ ಇಲ್ಲದೇ, ಬರೀ ಬಾಯಿಂದ ಬಾಯಿಗೆ ಹೋದ ಮಾತಲ್ಲೇ ಶೋಗಳು ಹೆಚ್ಚಾದ ಸಿನಿಮಾ. ಇಂಥ ಸಿನಿಮಾಕ್ಕೆ ನಮ್ಮಂಥವರ ಮಾತು ಸಹಾಯನೂ ಮಾಡುತ್ತೆ, ಹಾಳೂ ಮಾಡುತ್ತೆ.

ಶನಿವಾರ ರಾತ್ರಿ ಶೋ, ಬೆಂಗಳೂರಿನ ಒಂದು ಸಿಂಗಲ್ ಸ್ಕ್ರೀನ್. ನಾನು ಒಳಗೆ ಫೋನ್ ತೆಗೆಯಲ್ಲ, ಹಿಂದಿನ ಸಾಲಿನವರ ಕಣ್ಣಿಗೆ ಬೆಳಕು ಹೊಡೆಯುತ್ತೆ. ಅಂಗೈಯಗಲದ ನೋಟ್‌ಬುಕ್, ಒಂದು ಪೆನ್ಸಿಲ್, ಅಷ್ಟೇ. ಕತ್ತಲಲ್ಲಿ ಪೂರ್ತಿ ವಾಕ್ಯ ಬರೆಯೋಕೆ ಹೋದ್ರೆ ಒಂದರ ಮೇಲೊಂದು ಗೀಚಿಕೊಂಡು ಆಮೇಲೆ ಓದೋಕಾಗಲ್ಲ. ಹಾಗಾಗಿ ಒಂದು ಪುಟಕ್ಕೆ ಒಂದೇ ಪದ. "ಮೌನ", "ಡೈಲಾಗ್ ಕೇಳಿಸ್ಲಿಲ್ಲ", "ಪಕ್ಕದವರು" ಇಂಥವು. ಪುಟ ತಿರುವಿ ಮತ್ತೆ ಪರದೆ ನೋಡೋದು.

ನಿಜವಾದ ಕೆಲಸ ಇರೋದು ಇಂಟರ್ವಲ್‌ನಲ್ಲಿ. ಪಾಪ್‌ಕಾರ್ನ್ ಕ್ಯೂಗೆ ಹೋಗೋ ಮುಂಚೆ ಎರಡು ನಿಮಿಷ ಕೂತು, "ಈಗ ನನಗೆ ಏನು ತಿಳ್ಕೋಬೇಕು ಅನ್ನಿಸ್ತಿದೆ?" ಅಂತ ಬರೀತೀನಿ. ಆ ದಿನ ಮೂರು ಪ್ರಶ್ನೆ ಬರೆದಿದ್ದೆ. ಆ ಮೂರೂ ಪ್ರಶ್ನೆಗಳ ಉತ್ತರ ವಿಮರ್ಶೆಯಲ್ಲಿ ಬರಬಾರದು. ಸ್ಪಾಯ್ಲರ್ ಅಂದ್ರೆ ಏನು ಅಂತ ದೊಡ್ಡ ಚರ್ಚೆಗಳಿವೆ. ನನಗೆ ಕೆಲಸಕ್ಕೆ ಬಂದ ಅಳತೆ ಇದೊಂದೇ. ಪ್ರೇಕ್ಷಕ ಇಂಟರ್ವಲ್‌ನಲ್ಲಿ ಯಾವ ಪ್ರಶ್ನೆ ಹಿಡ್ಕೊಂಡು ಕೂತಿರ್ತಾನೋ, ಅದು ಅವನ ಆಸ್ತಿ. ಸಿನಿಮಾ ಮುಗಿದ ಮೇಲೆ ಬರೆದುಕೊಳ್ತೀನಿ ಅಂದ್ರೆ ಆಗಲ್ಲ. ಉತ್ತರ ಗೊತ್ತಾದ ಮೇಲೆ ಆ ಪ್ರಶ್ನೆ ನಮಗಿತ್ತು ಅನ್ನೋದೇ ಮರೆತುಹೋಗುತ್ತೆ.

ಶೋ ಮುಗಿದು ಮನೆಗೆ ನಡೆಯುತ್ತಾ ಫೋನಿಗೆ ಎಲ್ಲಾ ಹೇಳಿಬಿಡ್ತೀನಿ. ಕ್ಲೈಮ್ಯಾಕ್ಸ್, ತಿರುವು, ಯಾವುದೂ ಬಿಡಲ್ಲ. ಇದು ನನಗೆ ಮಾತ್ರ. ಹೊಟ್ಟೆಯಲ್ಲಿರೋದು ಒಂದು ಕಡೆ ಹೊರಗೆ ಬಂದ್ರೆ, ಎಪಿಸೋಡ್‌ನಲ್ಲಿ ಬಾಯಿ ತಪ್ಪೋದು ಕಮ್ಮಿ. ಮಾರನೇ ದಿನ ಅದನ್ನ ಕೇಳಿ ಎರಡು ಕಾಲಂ ಹಾಕ್ತೀನಿ. ಬಿ.ಕಾಂ ಓದಿದ್ದಕ್ಕೆ ನನಗೆ ಉಳಿದಿರೋ ಒಂದೇ ಒಳ್ಳೆ ಅಭ್ಯಾಸ ಇದು. ಎಡಗಡೆ ಹೇಳಬಹುದಾದ್ದು, ಬಲಗಡೆ ಹೇಳಬಾರದ್ದು. 'ಸು ಫ್ರಮ್ ಸೋ'ಗೆ ಬಲಗಡೆ ಕಾಲಂ ಎಡಗಡೆಗಿಂತ ಉದ್ದ ಆಯ್ತು. ನನಗೆ ತುಂಬಾ ಇಷ್ಟವಾದ ದೃಶ್ಯಗಳೆಲ್ಲ ಅಲ್ಲೇ ಹೋಗಿ ಕೂತಿದ್ವು.

ಮೊದಲು ಕಥೆ, ಬೇಗ ಮುಗಿಸ್ತೀನಿ. ಕರಾವಳಿಯ ಒಂದು ಹಳ್ಳಿ, ಅಲ್ಲಿ ಅಶೋಕ ಅನ್ನೋ ಹುಡುಗ. ಅವನಿಗೂ ಒಬ್ಬ ಹೆಂಗಸಿನ ದೆವ್ವಕ್ಕೂ ಸಂಬಂಧ. ಇಷ್ಟನ್ನ ಒಂದು ವಾಕ್ಯದಲ್ಲಿ ಬರೀಬೇಕು. ಈಗ ಕ್ರಿಯಾಪದ ಆರಿಸಿ ನೋಡಿ. "ಅಶೋಕನಿಗೆ ದೆವ್ವ ಹಿಡಿಯುತ್ತೆ" ಅಂದ್ರೆ ದೆವ್ವ ನಿಜ ಅಂತ ಹೇಳಿದ ಹಾಗಾಯ್ತು. "ಹಿಡಿದ ಹಾಗೆ ನಾಟಕ ಆಡ್ತಾನೆ" ಅಂದ್ರೆ ಸುಳ್ಳು ಅಂತ ಹೇಳಿದ ಹಾಗಾಯ್ತು. ನಾನು ಬರೆದಿದ್ದು "ದೆವ್ವ ಹಿಡಿದಿದೆ ಅಂತ ಊರು ನಂಬುತ್ತೆ." ಊರು ನಂಬಿದ್ದಂತೂ ನಿಜ, ಅದರಿಂದಾಚೆಗೆ ನಾನೇನೂ ಹೇಳಿಲ್ಲ. ಆ ನಂಬಿಕೆ ಹೇಗೆ ಶುರುವಾಯ್ತು ಅನ್ನೋದು ಸಿನಿಮಾದ ಮೊದಮೊದಲ ಭಾಗದಲ್ಲೇ ಬರುತ್ತೆ. ಶುರುವಿನಲ್ಲಿ ಬರೋದನ್ನ ಹೇಳಬಹುದು ಅನ್ನೋರಿದ್ದಾರೆ. ಆದ್ರೆ ಕಾಮಿಡಿಯಲ್ಲಿ ಶುರುವಿನ ಸನ್ನಿವೇಶವೇ ಮೊದಲ ದೊಡ್ಡ ನಗು. ಅದನ್ನ ನಾನು ಹೇಳಿಬಿಟ್ರೆ ಅಲ್ಲಿ ಬರೀ ಮುಗುಳ್ನಗೆ ಉಳಿಯುತ್ತೆ. ಹಾಗೇ ಟೈಟಲ್ ಬಿಡಿಸಿ ಹೇಳೋದನ್ನೂ ಬಿಟ್ಟೆ. ಎಷ್ಟೋ ಜನಕ್ಕೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಥಿಯೇಟರಲ್ಲೇ ಗೊತ್ತಾಗಲಿ.

ಇನ್ನು ನಟನೆ. ಇಲ್ಲೇ ನಾನು ಹಾಸನದ ತಂಗಿ ಮುಂದೆ ತಲೆ ತಗ್ಗಿಸಿದ್ದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಇರೋಣ.

ನನ್ನ ಮೊದಲ ಡ್ರಾಫ್ಟ್‌ನಲ್ಲಿ ಹೀಗಿತ್ತು: "[ಬೀಪ್] ದೃಶ್ಯದಲ್ಲಿ ತುಮಿನಾಡು ಒಂದು ಕ್ಷಣ [ಬೀಪ್] ಥರ, ಮರುಕ್ಷಣ [ಬೀಪ್] ಥರ ಮಾಡೋದು ಅದ್ಭುತ." ಓದೋಕೆ ಬರೀ ಹೊಗಳಿಕೆ. ಆದ್ರೆ ಮೂರು ಬೀಪ್‌ನಲ್ಲೂ ಪಾತ್ರಕ್ಕೆ ಏನಾಗುತ್ತೆ ಅನ್ನೋದೇ ಇದೆ. ನಟನೆ ಬಗ್ಗೆ ಬರೀತಿದ್ದೀವಿ ಅಂದ್ಕೊಂಡು ನಾವು ಮಾಡೋದು ಇದನ್ನೇ, ಪಾತ್ರದ ಕಥೆ ಹೇಳಿ ಕೊನೆಗೆ "ಅದ್ಭುತ" ಸೇರಿಸೋದು. ಆ ಪದ ತೆಗೆದ್ರೆ ಉಳಿಯೋದು ಕಥೆ ಮಾತ್ರ.

ಇದಕ್ಕೆ ನಾನು ಮಾಡೋದು ಇಷ್ಟು. ಪಾತ್ರದ ಹೆಸರು ತೆಗೆದು ನಟನ ಮೈ ನೋಡೋದು. ಕಣ್ಣು ಎಲ್ಲಿಗೆ ಹೋಗುತ್ತೆ, ಕೈ ಏನು ಮಾಡುತ್ತೆ, ಮಾತಿಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿರ್ತಾರೆ. ಡ್ರಾಫ್ಟ್ ಎರಡರಲ್ಲಿ ಹೀಗಾಯ್ತು: "ಊರೆಲ್ಲ ತನ್ನನ್ನೇ ನೋಡ್ತಿರುವಾಗ ಸಾಧಾರಣ ಹುಡುಗನೊಬ್ಬನ ಕಣ್ಣು ಎಲ್ಲೆಲ್ಲಿ ಓಡುತ್ತೆ ಅನ್ನೋದನ್ನ ತುಮಿನಾಡು ಚೆನ್ನಾಗಿ ಹಿಡಿದಿದ್ದಾರೆ." ಇದರಲ್ಲಿ ಕಥೆ ಇಲ್ಲ, ನಟನೆ ಇದೆ. ನೋಡೋರಿಗೆ ಗಮನ ಕೊಡೋಕೆ ಒಂದು ಜಾಗವೂ ಸಿಕ್ತು.

ರವಿಯಣ್ಣನ ಪಾತ್ರ ಮಾಡಿರೋ ಶನೀಲ್ ಗೌತಮ್ ಬಗ್ಗೆ ಬರೆಯೋದು ಸುಲಭ ಆಯ್ತು. ಊರಲ್ಲಿ ಎಲ್ಲರೂ ಹೆದರಿ ಗೌರವ ಕೊಡೋ ಮನುಷ್ಯ. ಮುಖದ ಗಂಭೀರತೆ ಬಿಡದೇ ನಗಿಸ್ತಾರೆ. ಆ ಪಾತ್ರದ ಮುಂದಿನ ದಾರಿ ಬಲಗಡೆ ಕಾಲಂಗೆ ಹೋಯ್ತು.

ರಾಜ್ ಬಿ. ಶೆಟ್ಟಿ ವಿಷಯದಲ್ಲಿ ಬೇರೆ ಪೇಚು. 'ಒಂದು ಮೊಟ್ಟೆಯ ಕಥೆ', 'ಗರುಡ ಗಮನ ವೃಷಭ ವಾಹನ' ನೋಡಿದವರು ಅವರಿಗೋಸ್ಕರನೇ ಟಿಕೆಟ್ ತಗೋತಾರೆ. ಅವರಿಲ್ಲಿ ಹೀರೋ ಅಲ್ಲ, ಗುರೂಜಿ ಪಾತ್ರ, ಮೊದಲಿಂದ ಕೊನೆವರೆಗೂ ಇರಲ್ಲ. ಇದನ್ನ ಹೇಳೋದು ಸ್ಪಾಯ್ಲರ್ರಾ? ನಾನು ಹೇಳಿದೆ. ಮೊದಲರ್ಧ ಪೂರ್ತಿ "ಇವರು ಯಾವಾಗ ಬರ್ತಾರೆ" ಅಂತ ಕಾಯ್ತಾ ಕೂತವರು ಮುಂದಿರೋ ಸಿನಿಮಾನೇ ನೋಡಲ್ಲ. ಆದ್ರೆ ಯಾವಾಗ ಬರ್ತಾರೆ, ಬಂದು ಏನು ಮಾಡ್ತಾರೆ ಅನ್ನೋದು ಹೇಳಲಿಲ್ಲ. ಒಪ್ಪದವರು ಕಾಮೆಂಟ್ ಮಾಡಿದ್ರು, ಇರಲಿ.

ಇನ್ನೊಂದು ಮಾತು. "ಆ ಸಿನಿಮಾ ಥರನೇ ಇದೆ" ಅಂತ ಹೋಲಿಸೋದು ನಟನೆಗೂ ಕಥೆಗೂ ಒಟ್ಟಿಗೆ ಕಲ್ಲು ಹೊಡೆದ ಹಾಗೆ. ಹೋಲಿಸಿದ ಸಿನಿಮಾದ ಕೊನೆ ಗೊತ್ತಿರೋರಿಗೆ ಈ ಸಿನಿಮಾದ ಕೊನೆಯೂ ಗೊತ್ತಾಯ್ತು ಅಂತಲೇ ಅರ್ಥ.

ಮ್ಯೂಸಿಕ್‌ಗೆ ಬರೋಣ. ಈ ಸಿನಿಮಾದಲ್ಲಿ ಹಾಡುಗಳು ಸುಮೇಧ್ ಕೆ. ಅವರದ್ದು, ಹಿನ್ನೆಲೆ ಸಂಗೀತ ಸಂದೀಪ್ ತುಳಸಿದಾಸ್ ಅವರದ್ದು. "ಮ್ಯೂಸಿಕ್ ಸೂಪರ್" ಅಂತ ಒಂದೇ ಪದದಲ್ಲಿ ಮುಗಿಸಿದ್ರೆ ಇಬ್ಬರ ಕೆಲಸವೂ ಮಾಯ. ಹಾಡಿಗೆ ನಾನು ಕೇಳೋ ಪ್ರಶ್ನೆ: ಹಾಡು ಬಂದಾಗ ಜನ ಫೋನ್ ತೆಗೆದ್ರಾ, ಹೊರಗೆ ಎದ್ದು ಹೋದ್ರಾ? ಬಾವನ ಹಾಡು ರೀಲ್ಸ್‌ನಲ್ಲಿ ಓಡಾಡಿದ್ದು ನಿಮಗೆ ಗೊತ್ತು. ಥಿಯೇಟರಲ್ಲಿ ಅದು ಕಥೆ ನಿಲ್ಲಿಸಿ ಬರೋ ಹಾಡಲ್ಲ, ನಗುವಿನ ಜೊತೆಗೇ ಬರುತ್ತೆ, ಯಾರೂ ಏಳಲಿಲ್ಲ. ಹಿನ್ನೆಲೆ ಸಂಗೀತಕ್ಕೆ ನನ್ನ ಪ್ರಶ್ನೆ ಬೇರೆ: ಎಲ್ಲಿ ಸುಮ್ಮನಿತ್ತು? ನೋಟ್‌ಬುಕ್‌ನಲ್ಲಿ "ಮೌನ" ಅಂತ ಬರೆದಿದ್ದ ಪುಟಗಳು ಆಗ ಉಪಯೋಗಕ್ಕೆ ಬಂದ್ವು.

ಸೋರೋದು ಎಲ್ಲಿ ಅಂದ್ರೆ, "ಕೊನೆಯಲ್ಲಿ ಬರೋ ಆ ಕರುಣಾಜನಕ ಮ್ಯೂಸಿಕ್" ಅಂತ ಬರೆದಾಗ. ರಾಗದ ಹೆಸರಲ್ಲಿ ಕೊನೆಯ ಭಾವ ಹೇಳಿಬಿಟ್ಟೆವು. ಮ್ಯೂಸಿಕ್ ಹೇಗೆ ಕೆಲಸ ಮಾಡಿತು ಅಂತ ಹೇಳಬಹುದು, ಎಲ್ಲಿ ಅನ್ನೋದನ್ನ ಬಿಡಬೇಕು.

"ಡೈಲಾಗ್ ಕೇಳಿಸ್ಲಿಲ್ಲ" ಅಂತ ಶನಿವಾರ ನಾಲ್ಕು ಕಡೆ ಬರೆದಿದ್ದೆ. ಸೌಂಡ್ ಮಿಕ್ಸಿಂಗ್ ಸರಿಯಿಲ್ಲ ಅಂತ ಬರೆಯೋದು ಸುಲಭ ಇತ್ತು. ಆದ್ರೆ ಅದಕ್ಕೆ ಮೂರು ಕಾರಣ ಇರಬಹುದು: ಸಿನಿಮಾದ ಮಿಕ್ಸಿಂಗ್, ಆ ಥಿಯೇಟರಿನ ಸ್ಪೀಕರ್, ಅಥವಾ ಜನರ ಗಲಾಟೆ. ಮೂರನ್ನೂ ಬೇರೆ ಮಾಡೋಕೆ ಇರೋ ದಾರಿ ಒಂದೇ, ಬೇರೆ ಥಿಯೇಟರಲ್ಲಿ ಬೇರೆ ಹೊತ್ತಿನಲ್ಲಿ ಇನ್ನೊಂದು ಸಲ ನೋಡೋದು. ಪ್ರತಿ ಸಿನಿಮಾಕ್ಕೂ ನನ್ನ ಜೇಬು ಅದಕ್ಕೆ ಒಪ್ಪಲ್ಲ. ಇದಕ್ಕೆ ಹೋದೆ. ಮಂಗಳವಾರ ಮಧ್ಯಾಹ್ನ, ಮಲ್ಟಿಪ್ಲೆಕ್ಸ್, ಸುಮಾರು ಮೂವತ್ತು ಜನ ಇದ್ದಿರಬಹುದು. ಆ ನಾಲ್ಕೂ ಡೈಲಾಗ್ ಸ್ಪಷ್ಟವಾಗಿ ಕೇಳಿಸ್ತು. ಹಿಂದಿನ ಜೋಕಿಗೆ ಜನ ನಗ್ತಾ ಇದ್ದಿದ್ದರಲ್ಲಿ ಶನಿವಾರ ಮುಂದಿನ ಸಾಲು ಮುಳುಗಿಹೋಗಿತ್ತು. ತಪ್ಪು ಸಿನಿಮಾದ್ದಲ್ಲ ಅಂತ ಖಾತ್ರಿಯಾಯ್ತು.

ಆ ಮಂಗಳವಾರದ ಶೋನಿಂದ ನನಗೆ ಇನ್ನೂ ದೊಡ್ಡದೊಂದು ಗೊತ್ತಾಯ್ತು. ಶನಿವಾರ ಥಿಯೇಟರ್ ನಗ್ತಿತ್ತು, ನಾನೂ ನಗ್ತಿದ್ದೆ. ಸಿನಿಮಾಕ್ಕೆ ನಕ್ಕಿದ್ದಾ, ಪಕ್ಕದವರ ನಗುಗೆ ನಕ್ಕಿದ್ದಾ? ಖಾಲಿ ಹಾಲ್‌ನಲ್ಲಿ ಅದು ಬೇರೆ ಬೇರೆ ಆಯ್ತು. ಸನ್ನಿವೇಶದಿಂದ ಹುಟ್ಟೋ ನಗು ಮಂಗಳವಾರವೂ ಹಾಗೇ ಇತ್ತು. ಜನ ಒಬ್ಬರ ಮೇಲೊಬ್ಬರು ಬೀಳೋ ಗದ್ದಲದ ಕೆಲವು ಜೋಕುಗಳು ಮಾತ್ರ ಸಪ್ಪೆಯಾದ್ವು. ಇಂಟರ್ವಲ್ ಆದ ಮೇಲೆ ಒಂದು ಕಡೆ ನಿಧಾನ ಅನ್ನಿಸಿದ್ದು ಎರಡೂ ಸಲ ಅನ್ನಿಸ್ತು. ಹಾಗಾಗಿ ಅದು ನನ್ನ ಸುಸ್ತಲ್ಲ, ಸಿನಿಮಾದ್ದೇ.

ಭಾಷೆ ವಿಷಯನೂ ಇಲ್ಲೇ ಬರುತ್ತೆ. ಶನಿವಾರ ನನ್ನ ಪಕ್ಕ ಪುತ್ತೂರಿನ ಕಡೆಯವರೊಬ್ಬರಿದ್ದರು. ಮಂಗಳೂರು ಕನ್ನಡದ ಮಾತಿಗೆ ಅವರು ಮೊದಲು ನಗ್ತಿದ್ರು, ಮಿಕ್ಕ ಸಾಲು ಒಂದು ಸೆಕೆಂಡ್ ಆದ ಮೇಲೆ. ಇಂಟರ್ವಲ್ ಹೊತ್ತಿಗೆ ನಮ್ಮ ಕಿವಿ ಪಳಗಿ ಎಲ್ಲರೂ ಒಟ್ಟಿಗೆ ನಗೋಕೆ ಶುರು ಮಾಡಿದ್ವಿ. "ಮೊದಲ ಹದಿನೈದು ನಿಮಿಷ ಕಿವಿಗೆ ಟೈಮ್ ಕೊಡಿ" ಅಂತ ವಿಮರ್ಶೆಯಲ್ಲಿ ಬರೆದಿದ್ದು ಅದಕ್ಕೇ. ದಾವಣಗೆರೆಯಲ್ಲೋ ಬೀದರ್‌ನಲ್ಲೋ ಕೂತು ಕೇಳೋರಿಗೆ ಸ್ಟಾರ್ ರೇಟಿಂಗ್‌ಗಿಂತ ಇದು ಹೆಚ್ಚು ಉಪಯೋಗ.

ಪ್ರೇಕ್ಷಕರ ಬಗ್ಗೆ ಬರೆಯುವಾಗ ಸೋರೋ ಜಾಗ ಅವರ ವರ್ತನೆ. "ಕೊನೆಗೆ ಎಲ್ಲರೂ [ಬೀಪ್]" ಅಂತ ಬರೆದಿದ್ದೆ, ಹೊಡೆದುಹಾಕಿದೆ. ಜನ ಎದ್ದು ಕುಣಿದ್ರು ಅಂದ್ರೆ ಕೊನೆ ಹೀಗೆ, ಪಕ್ಕದವರು ಕಣ್ಣೊರೆಸಿಕೊಂಡ್ರು ಅಂದ್ರೆ ಕೊನೆ ಹಾಗೆ ಅಂತ ಕೇಳುಗರು ಲೆಕ್ಕ ಹಾಕಿಬಿಡ್ತಾರೆ. "ಕೊನೆಯ ಹತ್ತು ನಿಮಿಷ ಮಿಸ್ ಮಾಡ್ಬೇಡಿ" ಅನ್ನೋದೂ ಅದೇ ಜಾತಿ. ಆಮೇಲೆ ಜನ ಸಿನಿಮಾ ನೋಡಲ್ಲ, ಗಡಿಯಾರ ನೋಡ್ತಾರೆ.

ಹಾಗಂತ ಎಲ್ಲಾ ಸ್ಪಾಯ್ಲರ್ ಇಲ್ಲದೇ ಹೇಳೋಕಾಗಲ್ಲ. ಈ ಸಿನಿಮಾದಲ್ಲಿ ಹೆಂಗಸರ ಪಾತ್ರಗಳನ್ನ ಹೇಗೆ ನಡೆಸಿಕೊಂಡಿದೆ ಅನ್ನೋ ಬಗ್ಗೆ ನನಗೆ ಹೇಳೋದಿತ್ತು, ಅದು ಪೂರ್ತಿ ಬಲಗಡೆ ಕಾಲಂನಲ್ಲಿತ್ತು. ಅದನ್ನ ಸುತ್ತಿಬಳಸಿ ಹೇಳೋಕೆ ಹೋದ್ರೆ ವಾದ ಅರ್ಥ ಆಗಲ್ಲ, ಗುಟ್ಟು ಮಾತ್ರ ರಟ್ಟಾಗುತ್ತೆ. ಎರಡನೇ ವಾರಾಂತ್ಯ ಕಳೆದ ಮೇಲೆ ಬೇರೆ ಎಪಿಸೋಡ್ ಮಾಡಿದೆ. ಒಂದೇ ಎಪಿಸೋಡ್‌ನ ಕೊನೆಯಲ್ಲಿ "ಇನ್ನು ಮುಂದೆ ಸ್ಪಾಯ್ಲರ್ ಇದೆ" ಅಂತ ಹೇಳಿ ಮುಂದುವರಿಸೋದನ್ನ ನಾನು ಬಿಟ್ಟಿದ್ದೀನಿ. ನೀವು ಬೈಕಲ್ಲಿ ಇಯರ್‌ಫೋನ್ ಹಾಕ್ಕೊಂಡು ಹೋಗ್ತಿರ್ತೀರ, ಪಾತ್ರೆ ತೊಳೀತಿರ್ತೀರ, ನಿಲ್ಲಿಸೋಕೆ ಕೈ ಖಾಲಿ ಇರಲ್ಲ. ಬೈಕಲ್ಲಿ ಇಯರ್‌ಫೋನ್ ಹಾಕ್ಕೋಬೇಡಿ, ಅದು ಬೇರೆ ವಿಷಯ.

ಎಲ್ಲಾ ಮಾಡಿ ಕೊನೆಗೆ ಎಪಿಸೋಡಿನ ಟೈಟಲ್‌ನಲ್ಲೇ ಗುಟ್ಟು ಹೇಳಿ, ಥಂಬ್‌ನೇಲ್‌ಗೆ ಕ್ಲೈಮ್ಯಾಕ್ಸ್ ಫೋಟೋ ಹಾಕಿದವರನ್ನೂ ನೋಡಿದ್ದೀನಿ. ಕೇಳದೇ ಸುಮ್ಮನೆ ಸ್ಕ್ರಾಲ್ ಮಾಡಿದವರಿಗೂ ಅದು ತಾಗುತ್ತೆ. ನಾನು ಸಿನಿಮಾದವರೇ ಬಿಟ್ಟ ಪೋಸ್ಟರ್ ಬಿಟ್ಟು ಬೇರೆ ಹಾಕಲ್ಲ.

ಕೊನೆಗೆ ಡ್ರಾಫ್ಟ್ ಹೋಗೋದು ಹಾಸನಕ್ಕೆ. ತಂಗಿಗೆ ಓದಿಸಿ ನಾನು "ಚೆನ್ನಾಗಿದೆಯಾ" ಅಂತ ಕೇಳಲ್ಲ, "ಮುಂದೆ ಏನಾಗುತ್ತೆ ಅನ್ಸುತ್ತೆ" ಅಂತ ಕೇಳ್ತೀನಿ. ಅವಳ ಊಹೆ ಸರಿಯಾದ್ರೆ ಎಲ್ಲೋ ಸೋರಿದೆ. ಯಾವ ವಾಕ್ಯದಿಂದ ಊಹಿಸಿದೆ ಅಂತ ಕೇಳಿ ಅದನ್ನ ತೆಗೀತೀನಿ. 'ಸು ಫ್ರಮ್ ಸೋ'ಗೆ ಅವಳಿಗೆ ಕಳಿಸಿದ ಕೊನೆಯ ರೂಪ ಇದು:

"ಕರಾವಳಿಯ ಒಂದು ಹಳ್ಳಿ. ಅಶೋಕನಿಗೆ ದೆವ್ವ ಹಿಡಿದಿದೆ ಅಂತ ಊರು ನಂಬುತ್ತೆ. ಒಂದು ಮಾತು ಊರಿನ ಬಾಯಿಗೆ ಬಿದ್ದರೆ ಏನೇನಾಗುತ್ತೆ ಅನ್ನೋದು ಸಿನಿಮಾ. ಊರೆಲ್ಲ ತನ್ನನ್ನೇ ನೋಡ್ತಿರುವಾಗ ಸಾಧಾರಣ ಹುಡುಗನ ಕಣ್ಣು ಎಲ್ಲೆಲ್ಲಿ ಓಡುತ್ತೆ ಅನ್ನೋದನ್ನ ತುಮಿನಾಡು ಚೆನ್ನಾಗಿ ಹಿಡಿದಿದ್ದಾರೆ. ಶನೀಲ್ ಗೌತಮ್ ನಗದೇ ನಗಿಸ್ತಾರೆ. ರಾಜ್ ಬಿ. ಶೆಟ್ಟಿಗೋಸ್ಕರ ಹೋಗೋರು ತಾಳ್ಮೆ ಇಟ್ಕೊಳ್ಳಿ, ಇದು ಅವರೊಬ್ಬರ ಸಿನಿಮಾ ಅಲ್ಲ. ಹಾಡುಗಳು ಕಥೆಯನ್ನ ನಿಲ್ಲಿಸಲ್ಲ, ಹಿನ್ನೆಲೆ ಸಂಗೀತಕ್ಕೆ ಸುಮ್ಮನಿರೋದೂ ಗೊತ್ತಿದೆ. ಇಂಟರ್ವಲ್ ಆದ ಮೇಲೆ ಒಂದು ಕಡೆ ವೇಗ ಕಮ್ಮಿಯಾಗುತ್ತೆ. ಅದು ಬೇಕಿತ್ತಾ ಅಂದ್ರೆ ನನಗೆ ಬೇಕಿತ್ತು, ನನ್ನ ಜೊತೆ ಬಂದವರಿಗೆ ಬೇಡವಾಗಿತ್ತು. ತುಂಬಿದ ರಾತ್ರಿ ಶೋನಲ್ಲೂ ನೋಡಿದೆ, ಖಾಲಿ ಮಧ್ಯಾಹ್ನದ ಶೋನಲ್ಲೂ ನೋಡಿದೆ. ನಗೋಕೆ ರಾತ್ರಿ ಹೋಗಿ, ಡೈಲಾಗ್ ಪೂರ್ತಿ ಬೇಕಿದ್ರೆ ಮಧ್ಯಾಹ್ನ. ಮಂಗಳೂರು ಕನ್ನಡ ಹೊಸದಾಗಿದ್ರೆ ಮೊದಲ ಹದಿನೈದು ನಿಮಿಷ ಕಿವಿಗೆ ಟೈಮ್ ಕೊಡಿ."

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ಭಾನುವಾರ ಹೋಗ್ತೀವಿ ಅಣ್ಣಾ, ಅಮ್ಮನೂ ಬರ್ತಾಳಂತೆ. ಆದ್ರೆ ಒಂದು ಹೇಳು, ದೆವ್ವ ನಿಜಾನಾ ಸುಳ್ಳಾ?"

ನಾನು ನೋಡಿಯೂ ರಿಪ್ಲೈ ಮಾಡಲಿಲ್ಲ. ಎರಡು ಬ್ಲೂ ಟಿಕ್ ಬಿದ್ದಿದ್ದಕ್ಕೆ ಬೈದಳು.